ಉಳಿಸಿಟ್ಟ ತಪ್ಪು

ಕೊಡಿಯಾಲ್‌ಬೈಲ್‌ನ ಫ್ಲಾಟಿನಲ್ಲಿ ಒಬ್ಬರೇ ಇರುವ ನಿವೃತ್ತ ಕಾಮರ್ಸ್ ಉಪನ್ಯಾಸಕಿ ಆಶಾಲತಾ ಅವರ ಬಳಿಗೆ ಬಿ.ಕಾಂ. ಓದುವ ನಿರೀಕ್ಷಾ ಬರುವುದು ಲೆಕ್ಕ ತಪ್ಪಿದರೆ ಮಾತ್ರ. ಹೋದ ಭಾನುವಾರ ಅವಳು ಕಾರ್ಖಾನೆಯ ಅಂದಾಜು ಓವರ್‌ಹೆಡ್ ವೆಚ್ಚ ಎರಡು ಲಕ್ಷವನ್ನು ಅಂದಾಜು ಯಂತ್ರಗಂಟೆಗಳ ಬದಲು ನಿಜವಾಗಿ ಓಡಿದ ಗಂಟೆಗಳಿಂದ ಭಾಗಿಸಿದ್ದಳು. ತಿದ್ದಿ ಕಳಿಸಿದ್ದರು.

ಇಂದು ಅಂದಾಜಿನ ಮೂವತ್ತು ಸಾವಿರ ಗಂಟೆಗಳಿಂದಲೇ ಭಾಗಿಸಿ ತಂದಿದ್ದಳು. ಆದರೆ ಗಂಟೆಯ ದರವನ್ನು ಮೊದಲೇ 6.67 ಎಂದು ರೌಂಡ್ ಮಾಡಿ, ಓಡಿದ ಇಪ್ಪತ್ತೇಳು ಸಾವಿರ ಗಂಟೆಗಳಿಂದ ಗುಣಿಸಿದ್ದರಿಂದ 1,80,000 ಬರಬೇಕಾದಲ್ಲಿ ತೊಂಬತ್ತು ರೂಪಾಯಿ ಹೆಚ್ಚಾಗಿತ್ತು.

"ರೌಂಡ್ ಮಾಡುವುದು ಕೊನೆಗೆ ಮಾರಾಯ್ತಿ!" ಎಂದು ಗದರಿದರು.

"ಹೋದ ವಾರವೂ ಹೀಗೇ ಮಾಡಿದ್ದೆ ಟೀಚರ್. ಆಗ ಯಾಕೆ ಹೇಳಲಿಲ್ಲ?"

ಆಶಾಲತಾ ಕೆಂಪು ಪೆನ್ನಿನ ಮುಚ್ಚಳ ಹುಡುಕತೊಡಗಿದರು. ಎರಡು ತಪ್ಪನ್ನೂ ಅಂದೇ ಹೇಳಿಬಿಟ್ಟಿದ್ದರೆ ಈ ಭಾನುವಾರ ಬಾಗಿಲು ತಟ್ಟುವವರು ಯಾರಿದ್ದರು?