ದಣಿಯದವನ ನಿದ್ರೆಯ ಹಾಳೆ

ನಿದ್ರೆಯ ವಿಷಯದಲ್ಲಿ ರೋಗಿಯ ನೆನಪನ್ನು ನಂಬಬಾರದು ಎಂದು ನಮ್ಮ ಚಿಕಿತ್ಸಾ ಕೈಪಿಡಿ ಹೇಳುತ್ತದೆ. ಕಣ್ಣೇ ಮುಚ್ಚಲಿಲ್ಲ ಎನ್ನುವವರು ನಾಲ್ಕು ಗಂಟೆ ಮಲಗಿರುತ್ತಾರೆ. ಅದಕ್ಕೇ ದಿನವೂ ಬೆಳಗ್ಗೆ ಹಾಳೆ ತುಂಬಿಸುವುದು. ಚಿಕಿತ್ಸೆ ಕೊಡುವವರ ನೆನಪಿನ ಬಗ್ಗೆ ಕೈಪಿಡಿಯಲ್ಲಿ ಒಂದು ಸಾಲೂ ಇಲ್ಲ.

ನಾನು ಘಣಸೋಲಿಯ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಮನಶ್ಶಾಸ್ತ್ರಜ್ಞ. ನಿದ್ರೆ ಬರುವುದಿಲ್ಲವೆಂದು ನನ್ನ ಬಳಿ ಬಂದ ವಿಜಯಪುರದ ಕಡೆಯ ಒಬ್ಬ ಮನುಷ್ಯ ಡೊಂಬಿವಲಿಯಿಂದ ಠಾಣೆ ರೈಲು ನಿಲ್ದಾಣಕ್ಕೆ ಬಂದು, ಗಾಡಿ ಬದಲಿಸಿ ರಬಾಳೆಯ ಕಾರ್ಖಾನೆಗೆ ಹೋಗುತ್ತಿದ್ದ. ಪ್ಯಾಕಿಂಗ್ ಕೆಲಸ, ಹಗಲು ಪಾಳಿ. ರಾತ್ರಿ ಒಂಬತ್ತಕ್ಕೇ ಹಾಸಿಗೆ ಸೇರಿ ಹೊರಳಾಡುತ್ತಿದ್ದ. ಎರಡು ವಾರದ ಹಾಳೆಯ ಪ್ರಕಾರ ನಿದ್ರೆ ಸರಾಸರಿ ಐದೂವರೆ ಗಂಟೆ. ಹೊರಳಾಟ ತಪ್ಪಲೆಂದು ಹಾಸಿಗೆಯಲ್ಲಿರುವ ಹೊತ್ತನ್ನೂ ಅಷ್ಟಕ್ಕೇ ಇಳಿಸಿದೆ: ಹನ್ನೆರಡಕ್ಕೆ ಮಲಗುವುದು, ಐದೂವರೆಗೆ ಏಳುವುದು. ನಿದ್ರೆ ಗಟ್ಟಿಯಾದಂತೆ ಹದಿನೈದು ನಿಮಿಷ ಸೇರಿಸುತ್ತ ಹೋಗುವುದು ಕ್ರಮ.

ಮುಂದಿನ ವಾರ ಆತ ಹೆಂಡತಿಯೊಡನೆ ಬಂದ. ಹಾಳೆ ಅಚ್ಚುಕಟ್ಟಾಗಿತ್ತು. ಹಾಸಿಗೆಯಲ್ಲಿದ್ದ ಹೊತ್ತಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನಿದ್ರೆ. ನನಗೆ ಹೆಮ್ಮೆಯಾಯಿತು. ಕೊನೆಯ ಮೂರು ದಿನ ಮಾತ್ರ ಆತ ಎರಡೂವರೆ, ಮೂರಕ್ಕೇ ಎದ್ದಿದ್ದ.

"ದಣಿವು?" ಎಂದು ಕೇಳಿದೆ.

"ದಣಿವs ಇಲ್ರಿ ಸರ್! ಮನಿ ಫ್ಯಾನೆಲ್ಲಾ ತೊಳದೆ. ಬಾಜೂಮನಿಯವ್ರದೂ ತೊಳದೆ. ಈಗ ನಂದs ಒಂದು ಲೇಬರ್ ಕಾಂಟ್ರ್ಯಾಕ್ಟ್ ತಗೋಬೇಕಂತೀನ್ರಿ."

ನಿದ್ರೆ ಕಡಿತಗೊಂಡ ಮೊದಲ ವಾರ ಮನುಷ್ಯ ತೂಕಡಿಸಬೇಕು, ನನ್ನನ್ನು ಬೈಯಬೇಕು. ಈತ ಹೊಳೆಯುತ್ತಿದ್ದ.

ಹೆಂಡತಿ ಬಾಗಿಲ ಬಳಿಯ ಕುರ್ಚಿಯಿಂದ ಅಂದಳು: "ನಿಮ್ಮ ಹಾಳಿ ಭಾಳ ಚಲೋ ಅದ ನೋಡ್ರಿ ಸಾಹೇಬ್ರ. ಹಾಳಿ ಒಂದs ಚಲೋ ಅದ. ಐದು ವರ್ಷದ ಹಿಂದ ಕಲ್ಯಾಣದಾಗ ದವಾಖಾನಿಗೆ ಹಾಕಿದಾಗೂ ಇವ್ರು ಹಿಂಗs ಶುರು ಮಾಡಿದ್ರು."

ಆಗ ನಾಲ್ಕು ದಿನ ಆತ ಮಲಗಿರಲಿಲ್ಲವಂತೆ, ಮೇಸ್ತ್ರಿಯ ಮೇಲೆ ಕೈ ಮಾಡಿದ್ದನಂತೆ. ಗುಳಿಗೆಗಳನ್ನು ಒಂದು ವರ್ಷ ನುಂಗಿ, ಗುಣವಾಯಿತೆಂದು ಬಿಟ್ಟಿದ್ದ. ಅದು ಬೈಪೋಲಾರ್ ಕಾಯಿಲೆ. ಉನ್ಮಾದ ಮತ್ತು ಖಿನ್ನತೆಯ ನಡುವೆ ತೂಗುವ ಈ ಕಾಯಿಲೆಯವರಿಗೆ ನಿದ್ರೆ ಕಡಿಮೆಯಾಗುವುದೇ ಉನ್ಮಾದಕ್ಕೆ ದಾರಿಯಾಗಬಹುದು. ಇಂಥವರ ಹಾಸಿಗೆಯ ಹೊತ್ತನ್ನು ಆರೂವರೆ ಗಂಟೆಗಿಂತ ಕೆಳಗೆ ಇಳಿಸಬೇಡ ಎನ್ನುತ್ತದೆ ಕೈಪಿಡಿ. ನಾನು ಐದೂವರೆಗೆ ಇಳಿಸಿದ್ದೆ.

"ಇದನ್ನ ಮೊದಲೇ ಯಾಕೆ ಹೇಳಲಿಲ್ಲ? ನಾನು ಕೇಳಿದ್ದೆನಲ್ಲ!" ಎಂದೆ ಇಬ್ಬರಿಗೂ.

"ನಂಗ್ಯಾರೂ ಕೇಳಿಲ್ರಿ. ಅವತ್ತು ನಾ ಬಂದಿದ್ದಿಲ್ಲ," ಎಂದಳು.

ಕೇಸ್ ಪೇಪರ್ ತೆಗೆದೆ. ಹಿಂದೆ ಎಂದಾದರೂ ಮನಸ್ಸು ಅತಿಯಾಗಿ ಉಬ್ಬಿದ್ದುಂಟೇ ಎಂಬ ಪ್ರಶ್ನೆಯ ಎದುರಿನ ಜಾಗ ಖಾಲಿ. ಆದರೆ ಕೇಳಿದ್ದು ನನಗೆ ಸ್ಪಷ್ಟವಾಗಿ ನೆನಪಿತ್ತು. ಆತ ತಲೆಯಾಡಿಸಿದ್ದು, ಆಗ ಫ್ಯಾನಿನ ಗಾಳಿಗೆ ಹಾಳೆ ಹಾರಿದ್ದು ಕೂಡ.

ಗಂಡನೇ ನನ್ನ ನೆರವಿಗೆ ಬಂದ. "ಏ, ಸರ್ ಕೇಳಿದ್ರಲೇ! ನಿದ್ದಿ ಇಲ್ದs ಖುಷಿಯಾಗಿದ್ರೇನು ಅಂತ. ಇಲ್ಲ ಅಂದೆ. ಆವಾಗ ಎಲ್ಲೀದ ಖುಷಿ? ಬರೇ ಸಿಟ್ಟs ಇತ್ತು."

ಹೌದು, ಉನ್ಮಾದ ಖುಷಿಯಾಗಿಯೇ ಬರಬೇಕಿಲ್ಲ, ಸಿಡುಕಾಗಿಯೂ ಬರುತ್ತದೆ, ಅದನ್ನು ಕೇಳಬೇಕಿತ್ತು. ಇಲ್ಲವೆಂದ ಮೇಲೆ ಬರೆಯುವುದೇನೆಂದು ಜಾಗ ಬಿಟ್ಟೆನೇ? ಅಥವಾ ಕೇಳಲೇ ಇಲ್ಲವೇ? ಈಗಿನ ಉತ್ಸಾಹದಲ್ಲಿ ಆತ ಎಷ್ಟು ಉದಾರನಾಗಿದ್ದನೆಂದರೆ ನಾನು ಏನು ಹೇಳಿದ್ದರೂ ಹೌದೆನ್ನುತ್ತಿದ್ದ. ಅಂಥವನ ಸಾಕ್ಷಿ ಹಿಡಿದು ನಾನು ಬಚಾವಾಗಲಾರೆ.

ಕಡಿತವನ್ನು ಅಲ್ಲಿಯೇ ನಿಲ್ಲಿಸಿದೆ. ಠಾಣೆ ನಗರದ ಮನೋವೈದ್ಯೆಗೆ ಅವರೆದುರೇ ಫೋನ್ ಮಾಡಿದೆ. "ಇವತ್ತೇ ಕಳಿಸು, ನಾಳೆ ಅನ್ನಬೇಡ," ಎಂದರು ಆಕೆ. ಆತನಿಗೆ ಸಿಟ್ಟು ಬಂತು: "ಚಲೋ ಆದವನ್ನ ಯಾಕ ಜಡ್ಡಿನವನ್ನ ಮಾಡ್ತೀರಿ?" ಹೆಂಡತಿ ಆತನ ಕೈಯಿಂದ ಹಾಳೆ ಕಸಿದು ಮಡಚಿ ಬ್ಲೌಸಿನೊಳಗೆ ಸಿಕ್ಕಿಸಿಕೊಂಡು, "ನಡೀರಿ, ಅಲ್ಲಿ ಹೋಗಿ ಹೇಳ್ರಿ ಇದನ್ನ," ಎಂದು ರಿಕ್ಷಾ ಹತ್ತಿಸಿದಳು. ನಾನೂ ಜೊತೆಗೆ ಹೋದೆ. ಗುಳಿಗೆ ಮತ್ತೆ ಶುರುವಾಯಿತು. ದವಾಖಾನೆಗೆ ಸೇರಿಸುವ ಹಂತ ತಪ್ಪಿತು. ಹಾಸಿಗೆಯ ಹೊತ್ತು ಎಂಟು ಗಂಟೆಗೆ ಏರಿತು. ಏಳುವ ಸಮಯ ರಜೆಯ ದಿನವೂ ಐದೂವರೆಯೇ.

ಎರಡು ತಿಂಗಳಾದ ಮೇಲೆ, ಮನಸ್ಥಿತಿ ನೆಲೆಗೊಂಡಿದೆ ಎಂದು ಮನೋವೈದ್ಯೆ ಹೇಳಿದ ನಂತರ, ಹೊರಳಾಟ ಇನ್ನೂ ಇದ್ದುದರಿಂದ ಕಾಲು ಗಂಟೆ ಮಾತ್ರ ತೆಗೆದೆವು. ಹಾಳೆಯಲ್ಲಿ ನಿದ್ರೆಯ ಪಕ್ಕ ಇನ್ನೊಂದು ಸಾಲು ಸೇರಿತ್ತು: ಮನಸ್ಸು ಹೇಗಿತ್ತು. ಅದನ್ನು ತುಂಬುವುದು ಹೆಂಡತಿ.

"ಇನ್ನs ಒಂದು ತಾಸು ತಗೀರಿ ಸರ್, ಲಗೂ ಮುಗಸೋಣು," ಎಂದ ಆತ.

"ಆಗೋದಿಲ್ಲ."

"ಅಂದ್ರ ಹಿಂಗs ದಣಕೋತ ಇರ್ಬೇಕೇನ್ರಿ?"

ಸಂಜೆಯ ಹೊತ್ತಿಗೆ ಕಾಲು ಸೋಲುತ್ತವೆ, ಠಾಣೆಯಲ್ಲಿ ರೈಲಿನ ಸೀಟು ಸಿಗದಿದ್ದರೆ ಸಾಕಾಗಿಹೋಗುತ್ತದೆ ಎಂದು ಗೊಣಗಿದ. ಹೆಂಡತಿ ನನ್ನ ಪೆನ್ನು ಕೇಳಿ ಪಡೆದು, ಆ ದಿನದ ಎದುರು ತನ್ನ ಸೊಟ್ಟ ಅಕ್ಷರದಲ್ಲಿ ಬರೆದಳು: ದಣಿದಾರ, ಚಲೋ ಅದಾರ.