ಆರನೇ ಚುಕ್ಕೆ

ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಚುಕ್ಕಿ ಅಕ್ಕ ಎಂದೇ ಕರೆಯುತ್ತಿದ್ದರು. ಹದಿನಾಲ್ಕು ವರ್ಷ ರೆಕಾರ್ಡ್ ರೂಮಿನಲ್ಲಿ ಕೇಸ್ ಶೀಟು ಜೋಡಿಸಿದವಳು. ಹೊಸ ಮಕ್ಕಳ ವಾರ್ಡಿನ ಕೆಲಸ ಶುರುವಾದಾಗ, ಯಾವುದು ಎಲ್ಲಿಗೆ ಬಂತೆಂದು ಎಲ್ಲರ ಬೆನ್ನು ಹತ್ತಿ ಕೇಳಲು ಅವಳನ್ನು ಕೂರಿಸಿದ್ದರು. ಪ್ರತಿ ಶುಕ್ರವಾರ ಹನ್ನೊಂದಕ್ಕೆ ಅವಳ ಮೇಲ್ ಹೋಗುತ್ತಿತ್ತು: ಎಂಟು ಕೆಲಸ, ಎಂಟು ಸಾಲು, ಪ್ರತಿ ಸಾಲಿನ ಮುಂದೆ ಒಂದು ಬಣ್ಣದ ಚುಕ್ಕೆ. ಹಸಿರಾದರೆ ಹೇಳಿದ ತಾರೀಖಿಗೆ ಮುಗಿಯುತ್ತದೆ. ಹಳದಿಯಾದರೆ ಜಾರುತ್ತಿದೆ, ಆದರೆ ಮದ್ದು ನಮ್ಮ ಕೈಯಲ್ಲೇ ಇದೆ. ಕೆಂಪಾದರೆ ಮೇಲಿನವರು ಒಂದು ನಿರ್ಧಾರ ಮಾಡಲೇಬೇಕು. ಮೊದಲ ಮೇಲ್ ಕಳಿಸಿದ ದಿನ, ಆಸ್ಪತ್ರೆ ನಡೆಸುವ ದೊಡ್ಡ ಡಾಕ್ಟರ ಎದುರು ನಿಂತು, ಓದಬೇಕಾಗಿಲ್ಲ ಸಾರ್, ಚುಕ್ಕೆಗಳ ಮೇಲೆ ಕಣ್ಣಾಡಿಸಿದರೆ ಸಾಕು ಎಂದಿದ್ದಳು. ಅವರು ಆ ಮಾತನ್ನು ಚಾಚೂ ತಪ್ಪದೆ ಪಾಲಿಸಿದ್ದರು.

ಎರಡು ವರ್ಷದಲ್ಲಿ ಅವಳು ಒಂದು ಸಲವೂ ಕೆಂಪು ಹಾಕಿರಲಿಲ್ಲ. ಹಳದಿ ಬಂದರೆ ತಾನೇ ಮೆಟ್ಟಿಲು ಹತ್ತಿಳಿದು, ಪ್ಲಂಬರನ್ನೋ ಪೇಂಟರನ್ನೋ ಕಾಡಿ ಬೇಡಿ, ಮುಂದಿನ ವಾರಕ್ಕೆ ಹಸಿರು ಮಾಡುತ್ತಿದ್ದಳು. ಆ ಶುಕ್ರವಾರ ಬೆಳಿಗ್ಗೆ ಎಂಜಿನಿಯರ್ ಬಂದು ಅವಳ ಮೇಜಿನ ತುದಿಗೆ ಆತು ನಿಂತ. ಆಮ್ಲಜನಕದ ಕೊಳವೆ ಒಂದು ಪೂರ್ತಿ ದಿನ ಒತ್ತಡ ಹಿಡಿದು ನಿಲ್ಲಬೇಕಿತ್ತು; ಬೆಳಗಾಗುವಷ್ಟರಲ್ಲಿ ಮಾಪಕದ ಮುಳ್ಳು ಇಳಿದಿತ್ತು. ಎಲ್ಲೋ ಸೋರುತ್ತಿದೆ. ಸೋಮವಾರ ಬೆಳಿಗ್ಗೆ ಆರಕ್ಕೆ ಹಳೆಯ ವಾರ್ಡಿನ ಹದಿನೆಂಟು ಮಕ್ಕಳನ್ನು ಹೊಸ ವಾರ್ಡಿಗೆ ಸಾಗಿಸಬೇಕು.

"ಅಕ್ಕ, ಹಳದಿ ಹಾಕಿ ಸಾಕು. ಭಾನುವಾರ ಸಂಜೆಯೊಳಗೆ ಹುಡುಕಿ ಸರಿ ಮಾಡ್ತೀನಿ."

"ಸರಿ ಮಾಡಿದ ಮೇಲೆ ಮತ್ತೆ ಒಂದು ದಿನ ಪರೀಕ್ಷೆ ಬೇಡ್ವೇನಪ್ಪಾ? ಭಾನುವಾರ ಸಂಜೆಯಿಂದ ಸೋಮವಾರ ಬೆಳಿಗ್ಗೆಗೆ ಒಂದು ದಿನ ಹೆಂಗಾಗುತ್ತೆ?"

ಅವನು ಬೆರಳು ಮಡಚಿ ಎಣಿಸಿದ. ಕೆಂಪು ಬಿದ್ದರೆ ತನ್ನ ತಲೆ ಹೋಗುತ್ತದೆ ಎಂದು ಗೊಣಗುತ್ತಾ ಹೊರಟುಹೋದ.

ಅವಳು ಆರನೇ ಸಾಲಿಗೆ ಕೆಂಪು ಹಾಕಿದಳು. ಪಕ್ಕದಲ್ಲಿ ಎಂದಿನಂತೆ ಚುಟುಕಾಗಿ ಬರೆದಳು: ಕೊಳವೆ ಸೋರಿಕೆ, ಮರುಪರೀಕ್ಷೆ ಆಗಬೇಕು. ಕಳಿಸಿ, ಫೋನನ್ನು ಎದುರಿಗೆ ಇಟ್ಟುಕೊಂಡು ಕೂತಳು. ಹನ್ನೆರಡಾಯಿತು. ಬಾವಿಗೆ ಕಲ್ಲು ಹಾಕಿ ಸದ್ದಿಗೆ ಕಿವಿಗೊಟ್ಟ ಹಾಗೆ, ಸದ್ದೇ ಇಲ್ಲ. ಊಟದ ಡಬ್ಬಿಯನ್ನು ತೆರೆದು ಹಾಗೆಯೇ ಮುಚ್ಚಿದಳು. ಎರಡು ಗಂಟೆಗೆ ಸಾಗಿಸುವ ಮಕ್ಕಳ ಪಟ್ಟಿ ಬಂತು. ಸೋಮವಾರ, ಬೆಳಿಗ್ಗೆ ಆರು. ಕೆಳಗೆ ದೊಡ್ಡ ಡಾಕ್ಟರ ಸಹಿ.

ಕೆಂಪು ನೋಡಿಯೂ ಸಹಿ ಹಾಕಿದರೇ? ತನಗೆ ತಿಳಿಯದ್ದೇನೋ ಅವರಿಗೆ ತಿಳಿದಿರಬಹುದು. ಇಲ್ಲವೇ, ತನ್ನ ಚುಕ್ಕೆಗೆ ಇಷ್ಟೇ ಬೆಲೆ ಇರಬಹುದು. ಕೇಳುವುದು ಅಧಿಕಪ್ರಸಂಗವಾದೀತು ಎಂದು ಎರಡು ಸಲ ಎದ್ದು ಎರಡು ಸಲ ಕೂತಳು. ಮೂರನೆಯ ಸಲ ಎದ್ದವಳು ನಿಲ್ಲದೆ ಮೇಲಿನ ಮಹಡಿಗೆ ನಡೆದಳು.

ಡಾಕ್ಟರ ಕೋಣೆಯ ಹೊರಗೆ ಟೈಪಿಸ್ಟ್ ಅಮ್ಮ ಕಾಗದಗಳಿಗೆ ತೂತು ಹಾಕುತ್ತಾ ಕೂತಿದ್ದರು. ಸಾಹೇಬರು ಪರದೆ ನೋಡುವುದಿಲ್ಲ, ಎಲ್ಲ ಮೇಲನ್ನೂ ತಾನೇ ಪ್ರಿಂಟ್ ತೆಗೆದು ಒಳಗಿಡುವುದು ಎಂದರು. ಅವಳ ಇವತ್ತಿನ ಹಾಳೆ ಆ ಕಾಗದಗಳ ಮೇಲೆಯೇ ಇತ್ತು. ಹಳೆಯ ಕಪ್ಪುಬಿಳುಪು ಪ್ರಿಂಟರು. ಎಂಟು ಚುಕ್ಕೆ, ಎಂಟೂ ಒಂದೇ ಬೂದು. ಕೆಳಗೆ ಡಾಕ್ಟರು ಶಾಯಿಯಲ್ಲಿ ಹಾಕಿದ ಒಂದು ಸರಿ ಗುರುತು.

ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡು ಆರನೇ ಚುಕ್ಕೆಯ ಪಕ್ಕ ದಪ್ಪಕ್ಷರದಲ್ಲಿ "ಕೆಂಪು" ಎಂದು ಬರೆದಳು. ಹಾಳೆಯ ನೆತ್ತಿಯಲ್ಲಿ "ಸೋಮವಾರ ಮಕ್ಕಳನ್ನು ಸಾಗಿಸುವಂತಿಲ್ಲ, ನಿರ್ಧಾರ ಇವತ್ತೇ ಬೇಕು" ಎಂದು ಬರೆದು ಒಳಗೆ ಹೋದಳು.

ದೊಡ್ಡ ಡಾಕ್ಟರು ಒಂದೇ ನೋಟದಲ್ಲಿ ಓದಿದರು. ಮುಖ ಬಿಗಿಯಾಯಿತು.

"ಇದನ್ನ ಬೆಳಿಗ್ಗೆನೇ ಯಾಕಮ್ಮಾ ಹೇಳಲಿಲ್ಲ?"

"ಹೇಳಿದ್ದೆ ಸಾರ್, ಬಣ್ಣದಲ್ಲಿ. ನಿಮ್ಮ ಕಾಗದದಲ್ಲಿ ಬಣ್ಣ ಬರಲ್ಲ ಅಂತ ನಂಗೆ ಗೊತ್ತಿರಲಿಲ್ಲ. ಚುಕ್ಕೆ ನೋಡಿದ್ರೆ ಸಾಕು ಅಂದವಳೂ ನಾನೇ."

ಅವರು ಬೈಯಲಿಲ್ಲ. ಫೋನೆತ್ತಿ ಸಾಗಣೆಯನ್ನು ಗುರುವಾರಕ್ಕೆ ಮುಂದೂಡಿದರು. ಎಂಜಿನಿಯರನ್ನು ಕರೆಸಿ, ತಲೆ ತೆಗೆಯದೆಯೇ, ಇನ್ನಿಬ್ಬರು ಕೆಲಸದವರನ್ನು ಕೊಟ್ಟರು.

ಹೊರಗೆ ಬರುತ್ತಲೇ ಅವಳು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಇನ್ನು ಪ್ರತಿ ಚುಕ್ಕೆಯ ಪಕ್ಕ ಅದರ ಬಣ್ಣವನ್ನು ಅಕ್ಷರದಲ್ಲಿ ಬರೆಯಬೇಕು. ನಿರ್ಧಾರ ಬೇಕಾದದ್ದು ಮೊದಲ ಸಾಲಿಗೇ ಬರಬೇಕು. ಆಮೇಲೆ ಅವಳು ಟೈಪಿಸ್ಟ್ ಅಮ್ಮನಿಂದ ಹಳೆಯ ಫೈಲು ಕೇಳಿ ತೆಗೆದುಕೊಂಡು ಬೆಂಚಿನ ಮೇಲೆ ಕೂತಳು. ಎರಡು ವರ್ಷದ ಹಾಳೆಗಳು. ಹಳದಿ ಇದ್ದಲ್ಲಿ ಬೂದು ತುಸು ತೆಳು, ಅಷ್ಟೇ. ಪ್ರತಿ ಹಾಳೆಯಲ್ಲೂ ಅದೇ ಸರಿ ಗುರುತು. ಅವರು ನೋಡಿ, ನಂಬಿ, ತನ್ನನ್ನು ತನ್ನ ಪಾಡಿಗೆ ಬಿಟ್ಟಿದ್ದಾರೆಂದು ಅವಳು ತಿಳಿದಿದ್ದಳು. ತೆಳು ಬೂದಿನ ಒಂದೊಂದು ಚುಕ್ಕೆಗೂ ತಾನು ಹತ್ತಿಳಿದ ಮೆಟ್ಟಿಲುಗಳು ನೆನಪಾಗತೊಡಗಿದವು. ಬೆರಳಿಟ್ಟು, ಒಂದೊಂದೇ ಹಾಳೆ ತಿರುವುತ್ತಾ ಹೋದಳು.