ಲೆನ್ಸು ತೆಗೆದ ಮೇಲೆ ಕಂಡದ್ದು

ನಾನು ಪುಕ್ಕಲಿ. ಹಲ್ಲಿ ಲೊಚಗುಟ್ಟಿದರೂ ಎದೆ ಹಾರುತ್ತದೆ. ಹಾಗಿದ್ದೂ ಹುಳಗಳ ಮೂತಿಗೆ ಫೋನು ಹಿಡಿಯುವ ಹುಚ್ಚು ನನಗೆ ಹತ್ತಿದ್ದು ಅಮ್ಮನ ಮಲ್ಲಿಗೆ ಗಿಡಗಳಿಂದ.

ಬ್ರಹ್ಮಾವರದ ಹತ್ತಿರ ಅಮ್ಮನದು ಮನೆ ಸುತ್ತಲಿನ ಮಲ್ಲಿಗೆ ತೋಟ. ಒಂದು ವರ್ಷ ಮೊಗ್ಗುಗಳು ಬಿಳಿಯಾಗುವ ಮೊದಲೇ ನೇರಳೆ ಬಣ್ಣಕ್ಕೆ ತಿರುಗಿ ಉದುರತೊಡಗಿದವು. ತೋಟಗಾರಿಕೆ ಇಲಾಖೆಯ ಒಬ್ಬ ಅಧಿಕಾರಿಗೆ ಫೋಟೊ ಕಳಿಸಿದೆವು. "ಮೊಗ್ಗು ಕಾಣುತ್ತದೆ, ಹುಳ ಕಾಣುವುದಿಲ್ಲ. ಹತ್ತಿರದಿಂದ ತೆಗೆಯಿರಿ, ಜೊತೆಗೆ ಇಡೀ ಗಿಡದ್ದೂ ಒಂದು ಇರಲಿ" ಎಂದರು. ಹತ್ತಿರ ಹೋದರೆ ನನ್ನ ಫೋನಿಗೆ ಎಲ್ಲವೂ ಮಸುಕು. ಕೊನೆಗೆ ಕುಂದಾಪುರದ ಮೊಬೈಲ್ ಅಂಗಡಿಯಲ್ಲಿ ಬಟ್ಟೆಗೆ ಸಿಕ್ಕಿಸುವ ಕ್ಲಿಪ್ಪಿನಂಥದರ ತುದಿಗೆ ಗುಂಡಿಯಷ್ಟು ಗಾಜು ಕೂರಿಸಿದ ಒಂದು ಮ್ಯಾಕ್ರೋ ಲೆನ್ಸು ಸಿಕ್ಕಿತು.

ಅದನ್ನು ಪಳಗಿಸಲು ನನಗೆ ಒಂದಷ್ಟು ವಾರಗಳೇ ಬೇಕಾದವು. ಫೋನಿನ ಕವರು ತೆಗೆಯಬೇಕು, ಇಲ್ಲದಿದ್ದರೆ ಲೆನ್ಸು ಸರಿಯಾಗಿ ಕೂರದು. ಫೋನಿಗಿರುವ ಮೂರು ಕಣ್ಣುಗಳಲ್ಲಿ ಮುಖ್ಯವಾದದ್ದರ ಮೇಲೆಯೇ ಕೂರಿಸಬೇಕು. ಹುಳದಿಂದ ಎರಡು ಬೆರಳಿನಷ್ಟು ದೂರದಲ್ಲಿ ಮಾತ್ರ ಚಿತ್ರ ಸ್ಪಷ್ಟ. ಸ್ವಲ್ಪ ಹಿಂದೆ ಸರಿದರೂ ಮುಂದೆ ಸರಿದರೂ ಎಲ್ಲವೂ ಮಂಜು. ಆದ್ದರಿಂದ ಪರದೆ ಒತ್ತಿ ಫೋಕಸ್ ಮಾಡುವುದಕ್ಕಿಂತ ಉಸಿರು ಬಿಗಿಹಿಡಿದು ಮೈಯನ್ನೇ ಕೂದಲೆಳೆಯಷ್ಟು ಆಚೀಚೆ ಮಾಡುವುದು ಮೇಲು. ಫೋಟೊ ತೆಗೆಯುವ ಬದಲು ವಿಡಿಯೋ ಮಾಡಿದರೆ ಎಲ್ಲೋ ಒಂದು ಕ್ಷಣವಾದರೂ ಹುಳದ ಕಣ್ಣು ಸ್ಪಷ್ಟವಾಗಿ ಸಿಗುತ್ತದೆ.

ಮೊದಲ ಸಲ ಮೊಗ್ಗಿನೊಳಗಿಂದ ಕಪ್ಪು ತಲೆಯ ಹಸಿರು ಹುಳ ಪರದೆಯ ತುಂಬ ಎದ್ದು ಬಾಯಿ ಆಡಿಸಿದಾಗ ನಾನು ಫೋನನ್ನು ಗಿಡದ ಮೇಲೆಯೇ ಎಸೆದುಬಿಟ್ಟಿದ್ದೆ. ಅಮ್ಮ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. "ಅಕ್ಕಿಕಾಳಿನಷ್ಟ್ ಇಲ್ಲ ಅದ್. ಹಗ್ಗ ಕಂಡ್ರೂ ಹಾರ್ತೆ ನೀ."

ಗಾಳಿಯದೊಂದು ದೊಡ್ಡ ತೊಂದರೆ. ಗಿಡದ ಗೆಲ್ಲು ನಮ್ಮ ಕಣ್ಣಿಗೆ ಕಾಣದಷ್ಟು ಅಲ್ಲಾಡಿದರೂ ಪರದೆಯಲ್ಲಿ ಹುಳ ಉಯ್ಯಾಲೆಯಾಡುತ್ತದೆ. ಹಾಗಾಗಿ ಬೆಳಗ್ಗೆ ಹೂ ಕೊಯ್ದಾದ ಮೇಲೆ, ಗಾಳಿ ಏಳುವ ಮುಂಚೆ, ಅಮ್ಮ ಗಿಡದ ಆಚೆ ಬದಿಯಲ್ಲಿ ಬಗ್ಗಿ ನಿಂತು ಗೆಲ್ಲನ್ನು ಎರಡು ಬೆರಳಲ್ಲಿ ಹಿಡಿದುಕೊಳ್ಳುವುದು, ನಾನು ಈಚೆ ಮಂಡಿಯೂರಿ ವಿಡಿಯೋ ಮಾಡುವುದು ರೂಢಿಯಾಯಿತು. "ಅಮ್ಮ, ಹಂದ್ಬೇಡ" ಎಂದರೆ ಸಾಕು, ಅಮ್ಮ ಕಲ್ಲಿನ ಕಂಬವಾಗುತ್ತಿದ್ದಳು. ಲೆನ್ಸು ತೆಗೆದೆನೆಂದರೆ ಕೆಲಸ ಮುಗಿಯಿತು ಎಂದರ್ಥ. ಅದು ಕಂಡದ್ದೇ ಗೆಲ್ಲು ಬಿಟ್ಟು ಸೊಂಟ ಹಿಡಿದುಕೊಂಡು ಮನೆಯ ಕಡೆ ಹೊರಟುಬಿಡುತ್ತಿದ್ದಳು.

ಆ ದಿನ ಕೋಟೇಶ್ವರದ ನನ್ನ ಮನೆಯಿಂದ ಮೊದಲ ಬಸ್ಸಿಗೇ ಬಂದಿದ್ದೆ. ಮೊಗ್ಗೊಂದರಲ್ಲಿ ತೂತು ಕೊರೆದು ಹುಳ ಅರ್ಧ ಹೊರಬಂದಿತ್ತು, ಸುತ್ತ ನೂಲಿನಂಥ ಬಲೆ. ಫೋನನ್ನು ಕೆಳಮುಖ ಮಾಡಿ ಹಿಡಿದೆ. ಅಷ್ಟು ಚೆಂದವಾಗಿ ಮತ್ತೆಂದೂ ಬಂದದ್ದಿಲ್ಲ. ಹುಳದ ಕಾಲಿನ ಮುಳ್ಳುಗಳೂ ಲೆಕ್ಕಕ್ಕೆ ಸಿಗುವಂತಿದ್ದವು. ಹಿಂದೆ ನೆಲವೆಲ್ಲ ಬರೀ ಕಂದು ಮಂಜು.

ಎದ್ದು ಎರಡು ಹೆಜ್ಜೆ ಹಿಂದೆ ಸರಿದು, ಇಡೀ ಗಿಡದ ಚಿತ್ರಕ್ಕಾಗಿ ಲೆನ್ಸನ್ನು ಕಳಚಿ ಎಡಗೈಯಲ್ಲಿ ಹಿಡಿದೆ. ಪರದೆ ತಿಳಿಯಾಯಿತು. ಗಿಡ, ಅಮ್ಮನ ಸೀರೆಯ ಅಂಚು, ಬರಿಗಾಲು. ಬುಡಕ್ಕೆ ಹಾಕಿದ ತರಗೆಲೆಯ ಮೇಲೆ, ಅಮ್ಮನ ಹಿಮ್ಮಡಿಗೆ ಗೇಣು ದೂರದಲ್ಲಿ, ಸರಪಳಿಯಂತೆ ಕಂದು ಬಳೆಗಳ ಮೈಯ ದಪ್ಪನೆಯ ಸುರುಳಿ.

ಕೊಳಕುಮಂಡಲ. ನೆರೆಮನೆಯವರೊಬ್ಬರು ಹುಲ್ಲು ಹೆರೆಯುವಾಗ ಇದೇ ಹಾವನ್ನು ತುಳಿದು ಆಸ್ಪತ್ರೆಯಿಂದ ಮರಳಿ ಬಂದಿರಲಿಲ್ಲ.

ಕೂಗಿದರೆ ಅಮ್ಮ ಬೆಚ್ಚಿ ಹಿಂದಕ್ಕೆ ಹೆಜ್ಜೆಯಿಡುತ್ತಾಳೆ, ಹೆಜ್ಜೆ ಸೀದಾ ಹಾವಿನ ಮೇಲೆಯೇ. ಸುಮ್ಮನಿದ್ದರೆ ಗೆಲ್ಲು ಬಿಟ್ಟು ಮನೆಗೆ ಹೊರಡುತ್ತಾಳೆ, ಆಗಲೂ ಅಲ್ಲಿಗೇ. ಅಮ್ಮ ತಲೆಯೆತ್ತಿ ನನ್ನನ್ನು ನೋಡಿದಳು. ನನಗೆ ಬೇರೆ ಮಾತು ಹೊಳೆಯಲಿಲ್ಲ. ಯಾವಾಗಲೂ ಹೇಳುವುದನ್ನೇ ಹೇಳಿದೆ.

"ಅಮ್ಮ, ಹಂದ್ಬೇಡ. ಇನ್ನೊಂದ್ ವಿಡಿಯೋ ಇತ್ತ್."

ಅಮ್ಮ ಗೆಲ್ಲು ಹಿಡಿದವಳು ಹಾಗೆಯೇ ನಿಂತಳು. ನಾನು ಫೋನನ್ನು ಮುಖಕ್ಕೆ ಹಿಡಿದು ವಿಡಿಯೋ ಮಾಡುವವಳಂತೆ ನಟಿಸಿದೆ. ಪರದೆಯಲ್ಲಿ ಹಾವಿನ ಮೈ ಉಬ್ಬುತ್ತಿತ್ತು, ಇಳಿಯುತ್ತಿತ್ತು. ಕುಕ್ಕರಿನ ಹಬೆಯಂತೆ ಬುಸ್ ಎಂಬ ಸದ್ದು ನನಗೇ ಕೇಳಿಸಿತು. ಅಮ್ಮನಿಗೆ ಕೇಳದಿರಲಿ ದೇವರೇ ಎಂದು ಬೇಡಿಕೊಂಡೆ. ಅಷ್ಟರಲ್ಲಿ ಅವಳ ಪಾದದ ಮೇಲೆ ಒಂದು ಸೊಳ್ಳೆ ಕೂತಿತು. ಸೊಳ್ಳೆಯನ್ನು ಕಂಡರೆ ಅಮ್ಮ ಹೊಡೆಯದೆ ಬಿಟ್ಟದ್ದಿಲ್ಲ. ಈಗ ಕಾಲು ಕೊಡವುತ್ತಾಳೆ, ಈಗ ಎಂದು ನಾನು ಹಲ್ಲು ಕಚ್ಚಿದೆ. ಅವಳು ಬೆರಳನ್ನೂ ಆಡಿಸಲಿಲ್ಲ.

ಎಷ್ಟು ಹೊತ್ತೋ ತಿಳಿಯದು. ಸುರುಳಿ ನಿಧಾನವಾಗಿ ಬಿಚ್ಚಿತು. ತಲೆ ಅಮ್ಮನ ಹಿಮ್ಮಡಿಯ ಕಡೆ ಬಂದು, ಏನೋ ಯೋಚಿಸಿದ ಹಾಗೆ ನಿಂತು, ತಿರುಗಿತು. ತರಗೆಲೆ ಸರಸರ ಎನ್ನುತ್ತ ಹಾವು ಕಲ್ಲುಗೋಡೆಯ ಸಂದಿಗೆ ಹೋಯಿತು. ಬಾಲವೂ ಮರೆಯಾಯಿತು. ಕೈಯಾಡಿಸಿ ಈಚೆ ಬಾ ಎಂದೆ. ಅಮ್ಮ ಬಂದಳು. ನಾನು ಅಲ್ಲಿಯೇ ಕುಸಿದು ಕೂತು ಚಿಕ್ಕ ಮಗುವಿನ ಹಾಗೆ ಅತ್ತೆ.

ಸ್ವಲ್ಪ ಹೊತ್ತಿನ ಮೇಲೆ ಜಗಲಿಯಲ್ಲಿ ಕೂತು ಹುಳದ ವಿಡಿಯೋವನ್ನು ಹಾಕಿ ನೋಡಿದೆ. ಮೊಗ್ಗಿನ ಮೇಲೆ ಹುಳ ಚೆಂದವಾಗಿ ತಲೆ ಆಡಿಸುತ್ತಿತ್ತು. ಹಿಂದಿನ ಮಂಜಿನಲ್ಲಿ, ಚಿತ್ರದ ಮೂಲೆಯಿಂದ, ಗಾಢ ಕಂದು ಬಣ್ಣದ ಒಂದು ಕಲೆ ಒಳಗೆ ಬಂತು. ನಿಂತಿತು. ಮತ್ತೆ ಸರಿಯಿತು. ನಾನು ಹುಳದ ಕಾಲು ಲೆಕ್ಕ ಮಾಡುತ್ತಿದ್ದಾಗ ಹಾವು ಅಮ್ಮನ ಕಾಲಿನ ಹತ್ತಿರ ಬರುತ್ತಿತ್ತು.

ಅಮ್ಮ ಚಾ ತಂದಿಟ್ಟಳು. ನಾನು ಅವಳಿಗೆ ಹಾವಿನ ಸುದ್ದಿ ಹೇಗೆ ಹೇಳಲಿ ಎಂದು ಮಾತು ಹುಡುಕುತ್ತಿದ್ದೆ.

"ಹೋಯ್ತಲ್ದಾ ಅದ್?" ಎಂದಳು ಅಮ್ಮ.

"ನಿಂಗ್ ಗೊತ್ತಿತ್ತಾ?"

"ಲೆನ್ಸ್ ನಿನ್ನ ಕೈಯಗಿತ್ತಲೆ ಮಾರಾಯ್ತಿ. ಅದನ್ ಹಾಕ್ದೆ ನೀ ಯಾವತ್ತ್ ನಂಗೆ ಹಂದ್ಬೇಡ ಅಂದಿದ್ದೆ? ಮತ್ತ್ ನಿನ್ನ ಮೋರೆ ಕಂಡ್ರೆ ಗೊತ್ತಾತಿಲ್ಯಾ? ಕಾಲ್ ಬುಡದಗೆ ಬುಸ್ ಅಂದದ್ದೂ ಕೇಣ್ತ್."

"ಹೆದ್ರಿಕೆ ಆಯ್ಲಿಲ್ಯಾ?"

"ಆಯ್ತ್."

"ಮತ್ತೆ ಮುಂದಕ್ಕಾರೂ ಹಾರೂಕ್ ಆತಿರ್ಲಿಲ್ಯಾ?"

ಅಮ್ಮ ಚಾದ ಲೋಟವನ್ನು ನನ್ನ ಕಡೆಗೆ ದೂಡಿದಳು.

"ನಾ ಹಾರಿ ಬಿದ್ದಿರೆ ನೀ ನನ್ನ ಹಿಡೂಕೆ ಓಡಿ ಬತ್ತಿದ್ದೆ. ಅದ್ ನಿನ್ನ ಕಚ್ತಿತ್ತ್. ಅದ್ಕೇ ನಿಂತ್ಕಂಡೆ."